ಫ್ಲೋಟಿಂಗ್ ರೇಟ್ ಬಾಂಡ್: ಎರಡು ರೀಸೆಟ್ ನಡುವೆ ಬೆಲೆ 100ರ ಹತ್ತಿರ ಇರಬೇಕಲ್ವಾ? ಸ್ಕ್ರೀನ್ ಮೇಲೆ 98.58 ಯಾಕೆ?

ಹರೀಶ_ತಿಪಟೂರು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 30ಕ್ಕೆ ಕೇಂದ್ರ ಸರ್ಕಾರದ ಫ್ಲೋಟಿಂಗ್ ರೇಟ್ ಬಾಂಡ್ ತಗೊಂಡೆ. ಮುಖಬೆಲೆ 5 ಲಕ್ಷ, ಕೊಟ್ಟಿದ್ದು ಹೆಚ್ಚುಕಮ್ಮಿ 100ರಂತೆ. ಬಾಂಡ್‌ನ ರಚನೆ ಎಫ್‌ಆರ್‌ಬಿ 2034ರದ್ದೇ: ಪ್ರತಿ ಏಪ್ರಿಲ್ 30 ಮತ್ತು ಅಕ್ಟೋಬರ್ 30ಕ್ಕೆ ರೀಸೆಟ್. 182 ದಿನದ ಟ್ರೆಜರಿ ಬಿಲ್‌ನ ಕೊನೆಯ ಮೂರು ಹರಾಜಿನ ಸರಾಸರಿ ಇಳುವರಿ, ಅದರ ಮೇಲೆ 0.98 ಸ್ಪ್ರೆಡ್. ಲೆಕ್ಕ ಸುಲಭ ಆಗಲಿ ಅಂತ ಕೆಳಗಿನ ಅಂಕಿಗಳನ್ನು ನಾನೇ ಸ್ವಲ್ಪ ಹೊಂದಿಸಿಕೊಂಡಿದ್ದೇನೆ, ದಯವಿಟ್ಟು ಆರ್‌ಬಿಐ ಪ್ರಕಟಣೆ ಜೊತೆ ತಾಳೆ ನೋಡಬೇಡಿ.

ಬಿಲ್ ಸರಾಸರಿ 6.62, ಸ್ಪ್ರೆಡ್ 0.98, ಹಾಗಾಗಿ ಈ ಅರ್ಧ ವರ್ಷದ ಕೂಪನ್ 7.60. ಇವತ್ತು ಡಿಸೆಂಬರ್ 30. ಎರಡು ತಿಂಗಳು ಕಳೆದಿದೆ, ಇನ್ನು ನಾಲ್ಕು ತಿಂಗಳಿಗೆ ಮುಂದಿನ ರೀಸೆಟ್.

ಬಾಂಡ್ ಕೊಡಿಸಿದ ಬ್ರೋಕರ್ "ಇದು ಫ್ಲೋಟಿಂಗ್, ಬೆಲೆ ಅಲ್ಲಾಡೋದೇ ಇಲ್ಲ, ಎಫ್‌ಡಿ ಇದ್ದ ಹಾಗೆ" ಅಂದಿದ್ದರು. ಈಗ ನೋಡಿದರೆ ಕ್ಲೀನ್ ಬೆಲೆ, ಅಂದರೆ ಕೂಡಿದ ಬಡ್ಡಿ ಬಿಟ್ಟ ಬೆಲೆ, 98.58. ಕಾಗದದ ಮೇಲೆ ಏಳು ಸಾವಿರ ಹೋಗಿದೆ. ಬಿಲ್ ಹರಾಜಿನಲ್ಲಿ ಇಳುವರಿ ಏನೂ ಏರಿಲ್ಲ. ಹಾಗಿದ್ದರೆ ಏನಾಯಿತು? ಅದಕ್ಕೂ ಮೊದಲು, ರೀಸೆಟ್‌ಗಳ ಮಧ್ಯದಲ್ಲಿ ಇದರ ಬೆಲೆ ಕಟ್ಟೋದು ಹೇಗೆ? ಮುಂದಿನ ಹದಿನೇಳು ಕೂಪನ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲವಲ್ಲ.

---

ನಿವೃತ್ತ_ಮೇಷ್ಟ್ರು

ನನ್ನ ಹತ್ತಿರವೂ ಇದೇ ಬಾಂಡ್ ಇದೆ, ಜನವರಿ ಮತ್ತು ಜುಲೈನಲ್ಲಿ ಬಡ್ಡಿ ಬರುತ್ತದೆ. ಅದರ ಬೆಲೆ ಇಳಿದಿದೆಯಾ ಅಂತ ಎಲ್ಲಿ ನೋಡಬೇಕು? ಬ್ಯಾಂಕಿನಲ್ಲಿ ಕೇಳಿದರೆ ಸರಿಯಾಗಿ ಹೇಳುತ್ತಿಲ್ಲ. ನಿಮ್ಮದು ಓದಿ ಗಾಬರಿಯಾಯಿತು.

---

ಡೆಸ್ಕ್_ಮಂಜು

ಮೇಷ್ಟ್ರೇ, ಗಾಬರಿ ಬೇಡ. ನಿಮ್ಮದು ಬೇರೆ. ಜನವರಿ 1, ಜುಲೈ 1 ಅಂದರೆ ಅದು ಆರ್‌ಬಿಐ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ 2020. ಎನ್‌ಎಸ್‌ಸಿ ದರದ ಮೇಲೆ 0.35. ಅದನ್ನು ಮಾರುಕಟ್ಟೆಯಲ್ಲಿ ಮಾರೋ ಹಾಗೇ ಇಲ್ಲ, ಹಾಗಾಗಿ ಬೆಲೆ ಅನ್ನೋದೇ ಇಲ್ಲ.

ಹರೀಶ್, ನಿಮ್ಮ ಪ್ರಶ್ನೆಗೆ ಒಂದೇ ಸಾಲಿನ ಉತ್ತರ. ದರ ಬದಲಾದರೆ ಬೆಲೆ ಎಷ್ಟು ಅಲ್ಲಾಡುತ್ತದೆ ಅನ್ನೋ ಅಳತೆ ಡ್ಯೂರೇಶನ್, ಫ್ಲೋಟರ್‌ನಲ್ಲಿ ಅದು ಅಂದರೆ ಮುಂದಿನ ರೀಸೆಟ್‌ವರೆಗಿನ ಸಮಯ. ರೀಸೆಟ್ ದಿನ ಅದು ಸೊನ್ನೆ, ದಿನ ಕಳೆದ ಹಾಗೆ ಏರುತ್ತಾ ಹೋಗುತ್ತದೆ. ಸ್ಕ್ರೀನ್ ಮೇಲಿನ 98.58 ತಪ್ಪಿರಬೇಕು, ಯಾರೋ ಸಣ್ಣ ಲಾಟ್ ಸಿಕ್ಕಿದ ಬೆಲೆಗೆ ಮಾರಿದ್ದಾರೆ.

---

ಶಾಲ್ಮಲಾ

ಮಂಜು, ಮೊದಲ ವಾಕ್ಯ ಸರಿ, ಎರಡನೆಯದು ತಲೆಕೆಳಗು. ಸಣ್ಣ ಲಾಟ್ ಮಾತಿಗೆ ಆಮೇಲೆ ಬರೋಣ.

ಹರೀಶ್ ಅವರೇ, "ಮುಂದಿನ ಕೂಪನ್ ಗೊತ್ತಿಲ್ಲ" ಅನ್ನೋ ಕಡೆಯಿಂದಲೇ ಶುರು ಮಾಡೋಣ, ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಸದ್ಯಕ್ಕೆ ಸ್ಪ್ರೆಡ್ ಮರೆತುಬಿಡಿ. ಬಾಂಡ್ ಬರೀ ಬಿಲ್ ದರ ಕೊಡುತ್ತದೆ ಅಂತ ಇಟ್ಟುಕೊಳ್ಳಿ.

ಏಪ್ರಿಲ್ 30ರ ಬೆಳಗ್ಗೆ. ಹಳೆಯ ಕೂಪನ್ ಕೈಗೆ ಬಂತು, ಹೊಸ ದರ ನಿಗದಿ ಆಯಿತು. ನಿಮ್ಮ ಕೈಯಲ್ಲಿ ಬಾಂಡ್ ಇದೆ, ನನ್ನ ಕೈಯಲ್ಲಿ ನೂರು ರೂಪಾಯಿ ನಗದು ಇದೆ. ನಾನು ಆ ನೂರನ್ನು ಅವತ್ತಿನ ದರಕ್ಕೆ ಆರು ತಿಂಗಳ ಬಿಲ್‌ನಲ್ಲಿ ಹಾಕುತ್ತೇನೆ. ಅಕ್ಟೋಬರ್‌ನಲ್ಲಿ ನಿಮಗೆ ಬಂದಷ್ಟೇ ಬಡ್ಡಿ ನನಗೂ ಬರುತ್ತದೆ. ಬಡ್ಡಿ ಜೇಬಿಗೆ, ಅಸಲು ನೂರು ಮತ್ತೆ ಆ ದಿನದ ದರಕ್ಕೆ ಬಿಲ್‌ಗೆ. ಹೀಗೇ 2034ರವರೆಗೆ. ದರ 4 ಆಗಲಿ, 11 ಆಗಲಿ, ಇಬ್ಬರಿಗೂ ಪ್ರತಿ ಆರು ತಿಂಗಳಿಗೆ ಒಂದೇ ಮೊತ್ತ, ಕೊನೆಗೆ ಇಬ್ಬರ ಕೈಯಲ್ಲೂ ನೂರು. ಅಂದಮೇಲೆ ಆ ಬೆಳಗ್ಗೆ ನಿಮ್ಮ ಬಾಂಡ್‌ಗೂ ನನ್ನ ನೂರಕ್ಕೂ ಒಂದೇ ಬೆಲೆ. ಕೂಪನ್ ಊಹೆ ಮಾಡೋ ಅಗತ್ಯವೇ ಬರಲಿಲ್ಲ ನೋಡಿ.

ಈಗ ಇವತ್ತಿಗೆ ಬನ್ನಿ. ಏಪ್ರಿಲ್ 30ಕ್ಕೆ ಬಾಂಡ್‌ನ ಬೆಲೆ 100 ಅಂತ ಗೊತ್ತು. ಅವತ್ತು ಬರೋ ಕೂಪನ್ 3.80 ಅಂತಲೂ ಗೊತ್ತು, ಅದು ಅಕ್ಟೋಬರ್‌ನಲ್ಲೇ ನಿಗದಿಯಾಗಿದೆ. ಹಾಗಾಗಿ ನಿಮ್ಮ ಹತ್ತಿರ ಈಗ ಇರೋದು ಒಂಬತ್ತು ವರ್ಷದ ಬಾಂಡ್ ಅಲ್ಲ. ನಾಲ್ಕು ತಿಂಗಳ ಮೇಲೆ 103.80 ಕೊಡೋ ಒಂದು ಹುಂಡಿ, ಅಷ್ಟೇ. ಅದನ್ನು ನಾಲ್ಕು ತಿಂಗಳ ದರದಿಂದ ಹಿಂದಕ್ಕೆ ತಂದರೆ ಕೆಲಸ ಮುಗಿಯಿತು.

ಈಗ ಸ್ಪ್ರೆಡ್ ಸೇರಿಸಿ, ಮಾರುಕಟ್ಟೆಯೂ ಅದೇ 0.98 ಸಾಕು ಅನ್ನುತ್ತಿದೆ ಅಂತ ಇಟ್ಟುಕೊಂಡರೆ:

```
103.80 / (1 + 0.076 × 4/12) = 101.24
ಕೂಡಿದ ಬಡ್ಡಿ = 3.80 × 2/6  =   1.27
ಕ್ಲೀನ್ ಬೆಲೆ               =  99.97
```

ನಾಳೆ ಬೆಳಗ್ಗೆ ದರ ಒಂದು ಪೂರ್ತಿ ಶೇಕಡಾ ಏರಿತು ಅಂತ ಇಟ್ಟುಕೊಳ್ಳಿ. 0.076 ಇದ್ದ ಕಡೆ 0.086 ಹಾಕಿ. ಕ್ಲೀನ್ ಬೆಲೆ 99.64. ಬರೀ 33 ಪೈಸೆ. ಇದೇ ಒಂಬತ್ತು ವರ್ಷದ, 7.60 ನಿಶ್ಚಿತ ಕೂಪನ್‌ನ ಬಾಂಡ್ ಆಗಿದ್ದರೆ 100ರಿಂದ 93.82ಕ್ಕೆ ಬೀಳುತ್ತಿತ್ತು, ಅಂದರೆ 6 ರೂಪಾಯಿ 18 ಪೈಸೆ. ಅಲ್ಲಿ ಹದಿನೆಂಟು ಕೂಪನ್‌ಗಳೂ ಹಳೆಯ ದರಕ್ಕೆ ಗಂಟುಬಿದ್ದಿರುತ್ತವೆ. ಇಲ್ಲಿ ಗಂಟುಬಿದ್ದಿರೋದು ಒಂದೇ ಕೂಪನ್.

---

ವಿನುತಾ_ಪುಣೆ

ಮೇಡಂ, ದರ ಬದಲಾಗದೇ ಇದ್ದರೂ 99.97 ಯಾಕೆ? ಸರಿಯಾಗಿ 100 ಬರಬೇಕಿತ್ತಲ್ವಾ? ಪರೀಕ್ಷೆಗೆ ಓದುವಾಗಿನಿಂದ ಈ 3 ಪೈಸೆ ನನ್ನನ್ನು ಕಾಡುತ್ತಿದೆ.

---

ಶಾಲ್ಮಲಾ

ಒಳ್ಳೆಯ ಕಣ್ಣು. ಕೊಳ್ಳುವವರು ಮಾರುವವರಿಗೆ ಎರಡು ತಿಂಗಳ ಬಡ್ಡಿ 1.27 ಇವತ್ತೇ ಕೊಡುತ್ತಾರೆ. ಆದರೆ ಅವರಿಗೆ ಅದು ವಾಪಸ್ ಬರೋದು ಏಪ್ರಿಲ್‌ನಲ್ಲಿ. ನಾಲ್ಕು ತಿಂಗಳು ಆ 1.27 ಸುಮ್ನೆ ಕೂರುತ್ತದೆ. 7.60ರಂತೆ ಅದರ ಮೇಲಿನ ಬಡ್ಡಿ ಸುಮಾರು 3 ಪೈಸೆ. ಆ ನಷ್ಟವನ್ನು ಕ್ಲೀನ್ ಬೆಲೆಯಲ್ಲಿ ಕಡಿದುಕೊಳ್ಳುತ್ತಾರೆ. ಕೂಡಿದ ಬಡ್ಡಿಯನ್ನು ನೇರ ಗೆರೆಯಲ್ಲಿ ಹಂಚೋ ರೂಢಿಯಿಂದ ಬರೋ ವ್ಯತ್ಯಾಸ ಇದು, ಬಾಂಡ್‌ನ ತಪ್ಪಲ್ಲ.

ಮಂಜು, ಈಗ ನಿಮ್ಮ ಎರಡನೇ ವಾಕ್ಯ. ಅಕ್ಟೋಬರ್ 30ರ ಬೆಳಗ್ಗೆ ಕೂಪನ್ ನಿಗದಿ ಆಯಿತು. ಅದೇ ಸಂಜೆ ದರ ಒಂದು ಶೇಕಡಾ ಏರಿದರೆ? 103.80 ಬರೋದು ಆರು ತಿಂಗಳ ಮೇಲೆ. ಲೆಕ್ಕ ಹಾಕಿದರೆ 99.52. 48 ಪೈಸೆ ಹೋಯಿತು. ಡಿಸೆಂಬರ್ ಕೊನೆಗೆ ಅದೇ ಏಟಿಗೆ 33 ಪೈಸೆ. ಏಪ್ರಿಲ್ 29ರಂದು ಹೆಚ್ಚುಕಮ್ಮಿ ಏನೂ ಇಲ್ಲ. ಅಂದರೆ ಕೂಪನ್ ನಿಗದಿ ಆದ ಕ್ಷಣ ಡ್ಯೂರೇಶನ್ ಅತಿ ಹೆಚ್ಚು, ಅರ್ಧ ವರ್ಷ. ಅಲ್ಲಿಂದ ದಿನ ದಿನ ಇಳಿದು, ಮುಂದಿನ ನಿಗದಿಗೆ ಮತ್ತೆ ಒಮ್ಮೆಲೇ ಮೇಲೆ. ಗರಗಸದ ಹಲ್ಲಿನ ಹಾಗೆ.

---

ಡೆಸ್ಕ್_ಮಂಜು

ಒಪ್ಪಿದೆ. "ರೀಸೆಟ್ ದಿನ" ಅನ್ನುವಾಗ ನನ್ನ ತಲೆಯಲ್ಲಿದ್ದದ್ದು ನಿಗದಿಗೆ ಮುಂಚಿನ ಗಳಿಗೆ. ನಂತರದ್ದಲ್ಲ. ಆದರೂ 98.58 ತಪ್ಪೇ ಅಂತೀನಿ. ನಿಮ್ಮದೇ ಲೆಕ್ಕದಲ್ಲಿ ದರ ನೂರು ಪಾಯಿಂಟ್ ಏರಿದರೂ 99.64 ತಾನೇ?

---

ಶಾಲ್ಮಲಾ

ಅದಕ್ಕೇ ಅದು ದರದಿಂದ ಆಗಿರೋದಲ್ಲ. ಮೇಲೆ ಒಂದು ಮಾತು ಮೆಲ್ಲಗೆ ದಾಟಿಸಿಬಿಟ್ಟೆ: "ಮಾರುಕಟ್ಟೆಯೂ ಅದೇ 0.98 ಸಾಕು ಅನ್ನುತ್ತಿದೆ". ಏಪ್ರಿಲ್ 30ಕ್ಕೆ ಬಾಂಡ್ ನೂರಕ್ಕೆ ಬರೋದು ಆ ಷರತ್ತು ನಿಂತರೆ ಮಾತ್ರ.

ಬಿಲ್ ದರ ಪ್ರತಿ ಆರು ತಿಂಗಳಿಗೆ ಹೊಸದಾಗುತ್ತದೆ. ಸ್ಪ್ರೆಡ್ ಮಾತ್ರ ಹಾಗಲ್ಲ. 2021ರಲ್ಲಿ ಬಾಂಡ್ ಹೊರಟಾಗ 0.98 ಅಂತ ಬರೆದದ್ದು 2034ರವರೆಗೂ ಅದೇ. ಅಂದರೆ ಫ್ಲೋಟಿಂಗ್ ಬಾಂಡ್‌ನ ಹೊಟ್ಟೆಯೊಳಗೆ ಒಂದು ನಿಶ್ಚಿತ ಕೂಪನ್ ಕೂತಿದೆ. ಅದು ರೀಸೆಟ್ ಆಗೋದೇ ಇಲ್ಲ.

ಈಗ ಕೊಳ್ಳುವವರು "ಇಂಥ ಬಾಂಡ್‌ಗೆ ನಮಗೆ ಬಿಲ್ ಮೇಲೆ 1.20 ಬೇಕು" ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ. ನಿಮ್ಮ ಬಾಂಡ್ ಕೊಡೋದು 0.98. ವರ್ಷಕ್ಕೆ 22 ಪೈಸೆ ಕೊರತೆ, ಆರು ತಿಂಗಳಿಗೆ 11 ಪೈಸೆ. ಏಪ್ರಿಲ್ ನಂತರ ಅದು ಹದಿನೇಳು ಸಲ ಬರುತ್ತದೆ. 6.62 ಮತ್ತು 1.20 ಸೇರಿಸಿದ 7.82ರ ದರದಲ್ಲಿ ಇವನ್ನೆಲ್ಲ ಏಪ್ರಿಲ್ 30ಕ್ಕೆ ತಂದರೆ ಒಟ್ಟು 1 ರೂಪಾಯಿ 35 ಪೈಸೆ. ಹಾಗಾಗಿ ಅವತ್ತಿನ ಬೆಲೆ 100 ಅಲ್ಲ, 98.65. ಅದಕ್ಕೆ 3.80 ಕೂಡಿಸಿ ನಾಲ್ಕು ತಿಂಗಳು ಹಿಂದಕ್ಕೆ ತಂದರೆ 99.85. ಕೂಡಿದ ಬಡ್ಡಿ 1.27 ಕಳೆಯಿರಿ. 98.58.

ಹರೀಶ್ ಅವರ ಸ್ಕ್ರೀನ್ ಮೇಲಿರೋದು ಅದೇ ಅಂಕಿ.

ಒಂದು ಶೇಕಡಾ ದರ ಏರಿಕೆಗೆ 33 ಪೈಸೆ, ಬರೀ 0.22 ಸ್ಪ್ರೆಡ್ ಏರಿಕೆಗೆ 1 ರೂಪಾಯಿ 39 ಪೈಸೆ. ದರದ ಕಡೆಯಿಂದ ನೋಡಿದರೆ ಇದು ನಾಲ್ಕು ತಿಂಗಳ ಕಾಗದ. ಸ್ಪ್ರೆಡ್ ಕಡೆಯಿಂದ ನೋಡಿದರೆ ಹೆಚ್ಚುಕಮ್ಮಿ ಒಂಬತ್ತು ವರ್ಷದ ನಿಶ್ಚಿತ ಬಾಂಡ್‌ನಷ್ಟೇ ಉದ್ದ. ನಿಮ್ಮ ಬ್ರೋಕರ್ ಮೊದಲನೆಯದನ್ನು ಹೇಳಿದರು, ಎರಡನೆಯದನ್ನು ನುಂಗಿದರು.

---

ವಿನುತಾ_ಪುಣೆ

ಇದನ್ನು ಪೈಥಾನ್‌ನಲ್ಲಿ ಹಾಕಿ ನೋಡಿದೆ. ಮೂರೂ ಅಂಕಿ ತಾಳೆ ಆಗುತ್ತವೆ.

```python
def bele(base, dm, qm=0.0098, cpn=0.076, t=1/3, n=17):
    r = (base + dm) / 2
    ann = (1 - (1 + r) ** -n) / r
    reset = 100 + 100 * (qm - dm) / 2 * ann
    dirty = (reset + 50 * cpn) / (1 + (base + dm) * t)
    accrued = 100 * cpn * (0.5 - t)
    return round(dirty - accrued, 2)

print(bele(0.0662, 0.0098))  # 99.97
print(bele(0.0762, 0.0098))  # 99.64
print(bele(0.0662, 0.0120))  # 98.58
```

`dm` ಅಂದರೆ ಡಿಸ್ಕೌಂಟ್ ಮಾರ್ಜಿನ್, ಮಾರುಕಟ್ಟೆ ಕೇಳೋ ಸ್ಪ್ರೆಡ್, `qm` ಬಾಂಡ್ ಮೇಲೆ ಬರೆದಿರೋ ಸ್ಪ್ರೆಡ್. ಒಂದು ವಿಚಿತ್ರ ಕಂಡಿತು. `dm` ಅನ್ನು 1.20ರಲ್ಲೇ ಇಟ್ಟು ದರ ಮಾತ್ರ ಒಂದು ಶೇಕಡಾ ಏರಿಸಿದರೆ ಬೆಲೆ 33 ಪೈಸೆ ಬೀಳಲ್ಲ, 27 ಪೈಸೆ ಮಾತ್ರ. ನನ್ನ ಕೋಡ್‌ನಲ್ಲಿ ತಪ್ಪಿದೆಯಾ?

---

ಶಾಲ್ಮಲಾ

ಕೋಡ್ ಸರಿ ಇದೆ. ಬಾಂಡ್ ನೂರಕ್ಕಿಂತ ಕೆಳಗಿದೆ ಅಂದರೆ ಅದರೊಳಗೆ ಕೊರತೆಯ ಕಂತುಗಳಿವೆ, ಹದಿನೇಳು ಸಲ 11 ಪೈಸೆ. ದರ ಏರಿದರೆ ಆ ಕೊರತೆಯ ಇವತ್ತಿನ ಬೆಲೆಯೂ ಕುಗ್ಗುತ್ತದೆ. ಅದು ನಿಮಗೆ ಲಾಭ. 33ರಲ್ಲಿ 6 ಪೈಸೆ ಹಾಗೆ ವಾಪಸ್ ಬಂತು. ಬಾಂಡ್ ನೂರಕ್ಕಿಂತ ಮೇಲಿದ್ದರೆ ಇದು ಉಲ್ಟಾ: ದರ ಏರಿದಾಗ ಸ್ವಲ್ಪ ಜಾಸ್ತಿ ಬೀಳುತ್ತದೆ. "ಡ್ಯೂರೇಶನ್ ಅಂದರೆ ರೀಸೆಟ್‌ವರೆಗಿನ ಸಮಯ" ಅನ್ನೋ ಮಾತು ನೂರರ ಹತ್ತಿರ ಇರುವಾಗ ಮಾತ್ರ ಸರಿಯಾಗಿ ಕೂರುತ್ತದೆ.

ನಿಮ್ಮ ಕೋಡ್‌ನಲ್ಲಿ ಇರೋ ಊಹೆ ಬೇರೆ. ಬಿಲ್ ದರ ಕೊನೆಯವರೆಗೂ 6.62ರಲ್ಲೇ ಇರುತ್ತದೆ ಅಂತ ಹಿಡಿದಿದ್ದೀರಿ. ಡೆಸ್ಕ್‌ಗಳಲ್ಲಿ ಫಾರ್ವರ್ಡ್ ದರಗಳನ್ನು ಹಾಕುವವರೂ ಇದ್ದಾರೆ. ಸ್ಪ್ರೆಡ್ ಕೊರತೆ ಚಿಕ್ಕದಿದ್ದಾಗ ಉತ್ತರ ಅಷ್ಟೇನೂ ಅಲ್ಲಾಡಲ್ಲ.

---

ಡೆಸ್ಕ್_ಮಂಜು

ಸರಿ, ಅಂಕಿ ಮುಂದೆ ಸೋತೆ. ಆದರೆ ಒಂದು ವಿಷಯ ನನ್ನ ಕಡೆಯಿಂದ. ರೀಸೆಟ್ ದಿನ ಕೂಪನ್ ಆ ದಿನದ ದರಕ್ಕೆ ಸರಿಯಾಗಿ ಬರುತ್ತದೆ ಅಂತ ಮೇಡಂ ಹಿಡಿದಿದ್ದಾರೆ. ನಮ್ಮ ಎಫ್‌ಆರ್‌ಬಿಗಳಲ್ಲಿ ಅದು ಹಾಗಿಲ್ಲ. ಕೊನೆಯ ಮೂರು ಹರಾಜಿನ ಸರಾಸರಿ. ಬಿಲ್ ಹರಾಜು ವಾರಕ್ಕೊಂದು. ಅಂದರೆ ಎರಡು ಮೂರು ವಾರದ ಹಳೆಯ ದರವೂ ಒಳಗೆ ಬರುತ್ತದೆ.

ಮೊದಲೆರಡು ಹರಾಜು 6.62 ಇತ್ತು, ಆಮೇಲೆ ಆರ್‌ಬಿಐ ರೆಪೋ ಇಳಿಸಿತು, ಮೂರನೆಯದು 6.32 ಬಂತು ಅಂತ ಇಟ್ಟುಕೊಳ್ಳಿ. ಸರಾಸರಿ 6.52. ಮಾರುಕಟ್ಟೆ 6.32ರಲ್ಲಿದೆ. ಬಾಂಡ್ ಆ ಅರ್ಧ ವರ್ಷಕ್ಕೆ 0.20 ಜಾಸ್ತಿ ಕೊಡುತ್ತದೆ, ನೂರಕ್ಕೆ 10 ಪೈಸೆ. ಹಾಗಾಗಿ ಆ ದಿನ ಬೆಲೆ ಸುಮಾರು 100.10. ದರ ಏರೋ ಕಾಲದಲ್ಲಿ ಇದೇ ಕೈಕೊಡುತ್ತದೆ.

---

ಶಾಲ್ಮಲಾ

ಇದು ಸರಿ, ನಾನು ಬಿಟ್ಟಿದ್ದೆ. ನನ್ನ ನೂರು ರೂಪಾಯಿಯ ಕಥೆ ನಿಲ್ಲಬೇಕಾದರೆ ಬಾಂಡ್ ದರವೂ ನಾನು ಬಿಲ್ ಕೊಳ್ಳೋ ದರವೂ ಒಂದೇ ದಿನದ್ದಾಗಿರಬೇಕು. ಸರಾಸರಿ ಇದ್ದರೆ ಅಷ್ಟು ಅಂಚು ತಪ್ಪುತ್ತದೆ. ರೆಪೋ ಬದಲಾದ ಆಸುಪಾಸಿನ ರೀಸೆಟ್‌ಗಳಲ್ಲಿ ಮಾತ್ರ ಕಣ್ಣಿಗೆ ಬೀಳೋ ವಿಷಯ.

---

ಹರೀಶ_ತಿಪಟೂರು

ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ ಉಳಿಯಿತು. ಇದು ಸರ್ಕಾರದ ಬಾಂಡ್. ಸರ್ಕಾರ ಮುಳುಗುತ್ತದೆ ಅಂತ ಯಾರಿಗೂ ಭಯ ಇಲ್ಲ. ಹಾಗಿದ್ದ ಮೇಲೆ ಜನ 0.98 ಬಿಟ್ಟು 1.20 ಯಾಕೆ ಕೇಳುತ್ತಾರೆ?

---

ಡೆಸ್ಕ್_ಮಂಜು

ದರ ಇಳಿಯುತ್ತೆ ಅಂತ ಎಲ್ಲರೂ ಅಂದುಕೊಂಡಾಗ ಫ್ಲೋಟರ್ ಯಾರಿಗೆ ಬೇಕು? ಎಲ್ಲರೂ ನಿಶ್ಚಿತ ಕೂಪನ್ ಹಿಡಿಯೋಕೆ ಓಡುತ್ತಾರೆ. ಫ್ಲೋಟರ್ ಬಿಟ್ಟು ಹೋಗುತ್ತಾರೆ, ಬೆಲೆ ಇಳಿಯುತ್ತದೆ.

---

ಶಾಲ್ಮಲಾ

ಬರೀ ಲೆಕ್ಕದ ಪ್ರಕಾರ ಅದು ಕಾರಣ ಆಗಬಾರದು. ದರ ಇಳಿಯುತ್ತೆ ಅನ್ನೋ ನಿರೀಕ್ಷೆ ಇದ್ದರೆ ಮುಂದಿನ ಕೂಪನ್ ಕಡಿಮೆ, ಅವನ್ನು ಹಿಂದಕ್ಕೆ ತರೋ ದರವೂ ಕಡಿಮೆ. ಎರಡೂ ವಜಾ. ನೂರು ನೂರೇ.

ನನ್ನ ಅಂದಾಜು: ದಿನಕ್ಕೆ ಎಷ್ಟು ಕೈ ಬದಲಾಗುತ್ತದೆ ಅನ್ನೋದರ ಮೇಲೆ ನಿಂತಿದೆ. ಹತ್ತು ವರ್ಷದ ಬೆಂಚ್‌ಮಾರ್ಕ್ ಬಾಂಡ್ ಬೇಕಾದಾಗ ಮಾರಬಹುದು. ಎಫ್‌ಆರ್‌ಬಿ ಕೊಳ್ಳೋರು ಕಡಿಮೆ. ಬಿಲ್ ಆರು ತಿಂಗಳಿಗೆ ತಾನಾಗಿ ನಗದಾಗುತ್ತದೆ, ಒಂಬತ್ತು ವರ್ಷದ ಕಾಗದ ಹಾಗಲ್ಲ. ಆ ಅನಾನುಕೂಲಕ್ಕೆ ಕೇಳೋ ಕೂಲಿ ಈ ಸ್ಪ್ರೆಡ್. ಅದರ ರೇಟು ಏರುತ್ತದೆ, ಇಳಿಯುತ್ತದೆ.

---

ಡೆಸ್ಕ್_ಮಂಜು

ಲೆಕ್ಕದಲ್ಲಿ ವಜಾ ಇರಬಹುದು ಮೇಡಂ. ಆದರೆ ಕೊಳ್ಳೋರು ಕಡಿಮೆ ಆಗಿದ್ದೇ ಆ ನಿರೀಕ್ಷೆಯಿಂದ ಅಂದರೆ? ಅಲ್ಲಿಗೆ ನಿಮ್ಮ ಕಾರಣವೂ ನನ್ನ ಕಾರಣವೂ ಒಂದೇ ಆಯ್ತಲ್ಲ.

---

ಶಾಲ್ಮಲಾ

ಇರಬಹುದು. ಬೆಲೆ ನೋಡಿ ಎರಡನ್ನೂ ಬಿಡಿಸೋ ದಾರಿ ನನಗೆ ಕಾಣುತ್ತಿಲ್ಲ.

---

ನಿವೃತ್ತ_ಮೇಷ್ಟ್ರು

ಪೂರ್ತಿ ಅರ್ಥ ಆಗಲಿಲ್ಲ, ಆದರೆ ನನ್ನ ಬಾಂಡ್‌ಗೆ ಬೆಲೆಯೇ ಇಲ್ಲ ಅಂದದ್ದು ಸಮಾಧಾನ ತಂದಿತು. ಒಂದು ಸಂದೇಹ. ಮಾರೋಕೆ ಬರಲ್ಲ ಅಂದರೆ ಅದೂ ಒಂದು ಅನಾನುಕೂಲವೇ ಅಲ್ವಾ? ಹಾಗಿದ್ದರೆ ನನಗೂ ಆ ಕೂಲಿ ಸಿಗಬೇಕಲ್ಲ?

---

ಶಾಲ್ಮಲಾ

ಮೇಷ್ಟ್ರೇ, ಪೂರ್ತಿ ಅರ್ಥ ಆಗಿದೆ ನಿಮಗೆ! ಎನ್‌ಎಸ್‌ಸಿ ಮೇಲಿನ ಆ 0.35ರಲ್ಲಿ ಅದರ ಪಾಲೂ ಇದೆ ಅಂತ ನಾನಂದುಕೊಂಡಿದ್ದೇನೆ. ನಿಮಗೆ 60 ದಾಟಿದ್ದರೆ ಏಳು ವರ್ಷ ಪೂರ್ತಿ ಕಾಯಬೇಕಿಲ್ಲ. 60ರಿಂದ 70ರವರಿಗೆ ಆರು ವರ್ಷದ ಮೇಲೆ, 70ರಿಂದ 80ರವರಿಗೆ ಐದು, 80 ದಾಟಿದವರಿಗೆ ನಾಲ್ಕು ವರ್ಷದ ಮೇಲೆ ವಾಪಸ್ ತಗೋಬಹುದು, ಸ್ವಲ್ಪ ಬಡ್ಡಿ ಕಡಿತದ ಜೊತೆ.

---

ಹರೀಶ_ತಿಪಟೂರು

ಬ್ರೋಕರ್‌ಗೆ ಫೋನ್ ಮಾಡಿದೆ. "ದರ ಏರಿಲ್ಲ, ಬೆಲೆ ಯಾಕೆ ಇಳಿಯಿತು" ಅಂದಿದ್ದಕ್ಕೆ "ಮಾರ್ಕೆಟ್ ಸರ್" ಅಂದರು. "ಡಿಸ್ಕೌಂಟ್ ಮಾರ್ಜಿನ್ 0.98ರಿಂದ 1.20 ಆಗಿದೆಯಾ" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ನೋಡಿ ಹೇಳ್ತೀನಿ" ಅಂದಿದ್ದಾರೆ.

ಮಾರಲ್ಲ, ಇಟ್ಟುಕೊಳ್ಳುತ್ತೇನೆ. ವಿನುತಾ ಅವರ ಕೋಡನ್ನು ಶೀಟ್‌ಗೆ ಹಾಕಿಕೊಂಡಿದ್ದೇನೆ. ಏಪ್ರಿಲ್ 30ಕ್ಕೆ ಹೊಸ ಕೂಪನ್ ಬಂದಾಗ ಮಂಜು ಹೇಳಿದ ಮೂರು ಹರಾಜಿನ ಅಂತರ ಎಷ್ಟಿತ್ತು ಅಂತ ಇಲ್ಲೇ ಹಾಕುತ್ತೇನೆ.